ಸಂಬಳ ಕೇಳುವ ಮೊದಲು ಮ್ಯಾನೇಜರ್ ಯಾರೆಂದು ಕೇಳಿ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಏಳೆಂಟು ವರ್ಷ ದುಡಿದ ಯಾರ ಲಿಂಕ್ಡ್‌ಇನ್ ಖಾತೆ ತೆರೆದರೂ ಇಂಥದ್ದೊಂದು ಸಂದೇಶ ಬಂದು ಬಿದ್ದಿರುತ್ತದೆ. ಬರುವುದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೇಳಿದರೆ ಹೀಗೆ: ‘ಹಾಯ್, ನಿಮ್ಮ ಪ್ರೊಫೈಲ್ ನೋಡಿದೆ. ಪ್ರತಿಷ್ಠಿತ ಎಂಎನ್‌ಸಿಯೊಂದರಲ್ಲಿ ಕ್ಯೂಎ ಲೀಡ್ ಹುದ್ದೆ ಖಾಲಿ ಇದೆ. ಅನುಭವ 8ರಿಂದ 12 ವರ್ಷ, ಕೆಲಸ ಬೆಂಗಳೂರಿನಲ್ಲಿ. ಆಸಕ್ತಿ ಇದ್ದರೆ ರೆಸ್ಯೂಮೆ, ಈಗಿನ ಸಿಟಿಸಿ, ನಿರೀಕ್ಷೆಯ ಸಿಟಿಸಿ, ನೋಟಿಸ್ ಪೀರಿಯಡ್ ತಿಳಿಸಿ.’

ನಮ್ಮಿಂದ ನಾಲ್ಕು ಸಂಗತಿ ಕೇಳಿದ್ದಾರೆ. ಅವರು ಹೇಳಿದ್ದರಲ್ಲಿ ಉಪಯೋಗಕ್ಕೆ ಬರುವುದು ಊರಿನ ಹೆಸರು, ಬೇಕಾದ ಅನುಭವ, ಅಷ್ಟೇ. ‘ಪ್ರತಿಷ್ಠಿತ’ ಎಂಬುದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅಪ್ರತಿಷ್ಠಿತ ಎಂಎನ್‌ಸಿ ಎಂದು ಬರೆದ ರಿಕ್ರೂಟರನ್ನು ಯಾರೂ ಕಂಡಿಲ್ಲ. ಇದನ್ನು ಓದಿದವರಲ್ಲಿ ಕೆಲವರು ಕೇಳಿದ್ದೆಲ್ಲವನ್ನೂ ಹತ್ತು ನಿಮಿಷದಲ್ಲಿ ಕಳಿಸಿಬಿಡುತ್ತಾರೆ. ಕೆಲವರು ಬೇಜಾರಾಗಿ ಅಳಿಸಿಹಾಕುತ್ತಾರೆ. ಕಳಿಸಿದವರಿಗೆ ಒಂದು ವಾರ ಕಳೆದ ಮೇಲೆ, ಮೂರು ಸುತ್ತು ಇಂಟರ್‌ವ್ಯೂ ಮುಗಿಸಿಕೊಂಡ ಮೇಲೆ, ಅದು ತಮಗೆ ಬೇಡವಾದ ಕೆಲಸ ಎಂದು ಗೊತ್ತಾಗುತ್ತದೆ. ಅಳಿಸಿದವರ ಕೈಯಿಂದ ಕೆಲವೊಮ್ಮೆ ಒಳ್ಳೆಯ ಕೆಲಸವೇ ಜಾರಿರುತ್ತದೆ, ಏಕೆಂದರೆ ಸಂದೇಶ ಅಸ್ಪಷ್ಟವಾಗಿದೆ ಎಂದರೆ ಕೆಲಸವೂ ಹಾಗೇ ಇರಬೇಕೆಂದಿಲ್ಲ.

ಸಂದೇಶ ಯಾಕೆ ಹೀಗಿರುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಏನು ಕೇಳಬೇಕೆಂಬುದು ತಾನಾಗಿ ಹೊಳೆಯುತ್ತದೆ. ಇಂಥ ಸಂದೇಶ ಕಳಿಸುವವರು ಬಹುಪಾಲು ಕನ್ಸಲ್ಟೆನ್ಸಿಯವರು, ಅಂದರೆ ಕಂಪನಿಗೆ ಜನ ಹುಡುಕಿಕೊಟ್ಟು ಕಮಿಷನ್ ಪಡೆಯುವ ಏಜೆನ್ಸಿಯವರು. ನಮ್ಮಲ್ಲಿ ಈ ಕಮಿಷನ್‌ಗೆ ಬಳಕೆಯಲ್ಲಿರುವ ದರ ವಾರ್ಷಿಕ ಸಂಬಳದ ಶೇಕಡಾ 8.33, ಅಂದರೆ ಒಂದು ತಿಂಗಳ ಸಂಬಳ. ಅಭ್ಯರ್ಥಿ ಸೇರಿದರೆ ಮಾತ್ರ ಆ ದುಡ್ಡು. ಕಂಪನಿಯ ಹೆಸರು ಮೊದಲೇ ಹೇಳಿಬಿಟ್ಟರೆ ನೀವು ನೇರವಾಗಿ ಅರ್ಜಿ ಹಾಕಬಹುದು, ಇಲ್ಲವೇ ಅಲ್ಲಿರುವ ಗೆಳೆಯನ ಮೂಲಕ ರೆಫರಲ್‌ನಲ್ಲಿ ಹೋಗಬಹುದು. ಆಗ ಏಜೆನ್ಸಿಗೆ ಸೊನ್ನೆ. ಹೆಸರು ಮುಚ್ಚಿಡುವುದಕ್ಕೆ ಮುಖ್ಯ ಕಾರಣ ಇದೇ, ಅದರಲ್ಲಿ ಮೋಸವೇನೂ ಇಲ್ಲ.

ಇನ್ನೊಂದು ಕಾರಣ ಇದಕ್ಕಿಂತ ಸಾಮಾನ್ಯ. ರಿಕ್ರೂಟರ್‌ಗೇ ಗೊತ್ತಿರುವುದಿಲ್ಲ. ಕಂಪನಿಯ ಮ್ಯಾನೇಜರ್‌ಗೆ ಒಬ್ಬರು ಬೇಕು. ಆತ ಎಚ್‌ಆರ್‌ಗೆ ಹೇಳುತ್ತಾನೆ. ಎಚ್‌ಆರ್ ಹೋದ ಬಾರಿಯ ಜೆಡಿಯನ್ನೇ ತುಸು ತಿದ್ದಿ ನಾಲ್ಕೈದು ಏಜೆನ್ಸಿಗೆ ಕಳಿಸುತ್ತಾರೆ. ಏಜೆನ್ಸಿಯ ಟೀಮ್ ಲೀಡ್ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ತಮ್ಮ ರಿಕ್ರೂಟರ್‌ಗೆ ದಾಟಿಸುತ್ತಾರೆ. ಆ ರಿಕ್ರೂಟರ್ ಆಗಲೇ ಹಲವು ಹುದ್ದೆಗಳಿಗೆ ಜನ ಹುಡುಕುತ್ತಿರುವ, ಸಂಜೆಯೊಳಗೆ ಇಂತಿಷ್ಟು ಪ್ರೊಫೈಲ್ ಕೊಡಬೇಕಾದ ಹುಡುಗಿಯೋ ಹುಡುಗನೋ ಆಗಿರುತ್ತಾರೆ. ಅವರ ಕೈಗೆ ಬರುವಷ್ಟರಲ್ಲಿ ಉಳಿದಿರುವುದು ಸ್ಕಿಲ್‌ಗಳ ಪಟ್ಟಿ, ಬಜೆಟ್, ಊರು. ಇಂಥವರನ್ನು ‘ಟೀಮ್ ಬಗ್ಗೆ ಸ್ವಲ್ಪ ಹೇಳ್ತೀರಾ?’ ಎಂದು ಕೇಳಿದರೆ ‘ತುಂಬಾ ಒಳ್ಳೆ ಟೀಮ್ ಮೇಡಂ, ಗ್ರೋತ್ ಇದೆ’ ಎಂಬ ಉತ್ತರ ಬರುತ್ತದೆ. ಪ್ರಶ್ನೆಯೇ ಅಂಥದ್ದು, ಉತ್ತರ ಬೇರೆ ಹೇಗೆ ಬಂದೀತು?

ಹಾಗಾಗಿ ನಮ್ಮ ಪ್ರಶ್ನೆಗೆ ಬರುವ ಉತ್ತರ ಒಂದು ಸಂಖ್ಯೆಯೋ, ಒಂದು ಹುದ್ದೆಯೋ, ಒಂದು ಊರೋ ಆಗಿರುವಂತೆ ನೋಡಿಕೊಳ್ಳಬೇಕು. ಹೊಗಳಿಕೆಯಲ್ಲಿ ಉತ್ತರಿಸಲು ಜಾಗ ಇರಬಾರದು. ಜೊತೆಗೆ, ರಿಕ್ರೂಟರ್‌ಗೆ ಗೊತ್ತಿಲ್ಲದಿದ್ದರೆ ಅದನ್ನು ಹಾಗೆಯೇ ಕಾಪಿ ಮಾಡಿ ಕಂಪನಿಯವರಿಗೆ ಕಳಿಸುವಷ್ಟು ಚಿಕ್ಕದಾಗಿರಬೇಕು.

ಒಬ್ಬಾಕೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಟೆಸ್ಟಿಂಗ್‌ನಲ್ಲಿ ಒಂಬತ್ತು ವರ್ಷದ ಅನುಭವ, ದೊಡ್ಡ ಸರ್ವಿಸ್ ಕಂಪನಿಯೊಂದರಲ್ಲಿ ಕೆಲಸ, ನೋಟಿಸ್ ಪೀರಿಯಡ್ ತೊಂಬತ್ತು ದಿನ. ಆಟೊಮೇಷನ್ ಬರೆಯುವುದು ಇಷ್ಟ. ನಾಲ್ಕೈದು ಜನರನ್ನು ಜೊತೆಗಿಟ್ಟುಕೊಂಡು ಕೆಲಸ ತೆಗೆಯುವ ಆಸೆಯೂ ಇದೆ. ಮೇಲಿನ ಸಂದೇಶ ಬಂದಿರುವುದು ಇವರಿಗೆ. ಇವರು ಕಳಿಸಬಹುದಾದ ಮೊದಲ ಉತ್ತರ ಇಷ್ಟು ಸಾಕು:

‘ನಮಸ್ಕಾರ, ಸಂದೇಶಕ್ಕೆ ಧನ್ಯವಾದ. ಬದಲಾವಣೆಗೆ ಯೋಚಿಸುತ್ತಿದ್ದೇನೆ. ರೆಸ್ಯೂಮೆ ಕಳಿಸುವ ಮೊದಲು ಮೂರು ವಿಷಯ ತಿಳಿಯಬೇಕಿತ್ತು. ಇದು ಕಂಪನಿಯ ಪೇರೋಲ್ ಮೇಲಿನ ಪರ್ಮನೆಂಟ್ ಹುದ್ದೆಯೋ, ಕಾಂಟ್ರ್ಯಾಕ್ಟೋ? ನಾನು ರಿಪೋರ್ಟ್ ಮಾಡಬೇಕಾದವರ ಹುದ್ದೆ ಏನು, ಅವರು ಯಾವ ಊರಿನಲ್ಲಿದ್ದಾರೆ? ಈ ಲೀಡ್‌ಗೆ ರಿಪೋರ್ಟ್ ಮಾಡುವವರು ಈಗ ಎಷ್ಟು ಜನ ಇದ್ದಾರೆ? ನಿಮಗೆ ಗೊತ್ತಿಲ್ಲದಿದ್ದರೆ ಕಂಪನಿಯವರನ್ನು ಕೇಳಿ ತಿಳಿಸಿ, ಪರವಾಗಿಲ್ಲ. ನನ್ನ ನೋಟಿಸ್ ಪೀರಿಯಡ್ ತೊಂಬತ್ತು ದಿನ.’

ನೋಟಿಸ್ ಪೀರಿಯಡ್ ಮಾತ್ರ ಯಾಕೆ ಹೇಳಿಬಿಟ್ಟರು ಎಂದರೆ, ಕಂಪನಿಗೆ ‘ಇಮ್ಮೀಡಿಯೆಟ್ ಜಾಯ್ನರ್’ ಬೇಕಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಇಬ್ಬರ ಸಮಯವೂ ಉಳಿಯುತ್ತದೆ. ಸಂಬಳದ ಅಂಕಿ ಈಗ ಬೇಡ. ಅದನ್ನು ಕೆಲಸದ ಅಳತೆ ಗೊತ್ತಾದ ಮೇಲೆ ಹೇಳಬೇಕು. ಇಬ್ಬರು ಕೈಕೆಳಗಿರುವ ಲೀಡ್ ಕೆಲಸಕ್ಕೂ ಹನ್ನೆರಡು ಮಂದಿಯನ್ನು ನಡೆಸುವ ಲೀಡ್ ಕೆಲಸಕ್ಕೂ ಒಂದೇ ನಿರೀಕ್ಷೆ ಹೇಳುವುದು ಹೇಗೆ?

ಪೇರೋಲ್‌ನ ಪ್ರಶ್ನೆಗೆ ಮೊದಲ ಜಾಗ ಕೊಟ್ಟದ್ದಕ್ಕೂ ಕಾರಣವಿದೆ. ‘ಎಂಎನ್‌ಸಿಯಲ್ಲಿ ಹುದ್ದೆ’ ಎಂದು ಶುರುವಾದದ್ದು ಎಷ್ಟೋ ಸಲ ‘ಎಂಎನ್‌ಸಿಗಾಗಿ ಕೆಲಸ, ಪೇರೋಲ್ ನಮ್ಮದು’ ಎಂದು ಮುಗಿಯುತ್ತದೆ. ಆಗ ನಿಮಗೆ ಇಬ್ಬರು ಯಜಮಾನರು. ರಜೆ ಮಂಜೂರು ಮಾಡುವುದು, ಸಂಬಳ ಹಾಕುವುದು, ಇನ್‌ಕ್ರಿಮೆಂಟ್ ಕೊಡುವುದು ಒಂದು ಕಂಪನಿ. ದಿನವೂ ಕೆಲಸ ಹೇಳುವುದು ಇನ್ನೊಂದು. ವರ್ಷದ ಕೊನೆಗೆ ನಿಮ್ಮ ಕೆಲಸ ಮೆಚ್ಚಿದವರಿಗೆ ನಿಮ್ಮ ಸಂಬಳ ಏರಿಸುವ ಅಧಿಕಾರ ಇರುವುದಿಲ್ಲ, ಅಧಿಕಾರ ಇರುವವರಿಗೆ ನಿಮ್ಮ ಕೆಲಸ ಏನೆಂದೇ ಗೊತ್ತಿರುವುದಿಲ್ಲ. ‘ಸಿ2ಎಚ್’ ಎಂದು ಕರೆಯುವ, ಕಾಂಟ್ರ್ಯಾಕ್ಟ್‌ನಿಂದ ಪರ್ಮನೆಂಟ್‌ಗೆ ಹೋಗುವ ಬಗೆಯೂ ಇದೆ. ಅಲ್ಲಿ ಕೇಳಬೇಕಾದ್ದು: ಎಷ್ಟು ತಿಂಗಳ ನಂತರ, ಈ ಟೀಮ್‌ನಲ್ಲಿ ಇದುವರೆಗೆ ಎಷ್ಟು ಜನ ಹಾಗೆ ಪರ್ಮನೆಂಟ್ ಆಗಿದ್ದಾರೆ? ‘ಪರ್ಫಾರ್ಮೆನ್ಸ್ ಮೇಲೆ ಹೋಗುತ್ತೆ’ ಎಂಬ ಉತ್ತರ ಬಂದು, ಅದರ ಜೊತೆ ಸಂಖ್ಯೆ ಬಾರದಿದ್ದರೆ ಅದನ್ನು ಕಾಂಟ್ರ್ಯಾಕ್ಟ್ ಎಂದೇ ತಿಳಿದು ಲೆಕ್ಕ ಹಾಕುವುದು ಕ್ಷೇಮ.

ನಮ್ಮ ಉದಾಹರಣೆಗೆ ಬರೋಣ. ಎರಡು ದಿನ ಬಿಟ್ಟು ಫೋನ್ ಬರುತ್ತದೆ.

‘ಮೇಡಂ, ಪರ್ಮನೆಂಟೇ. ಕ್ಲೈಂಟ್ ಪೇರೋಲ್. ರಿಪೋರ್ಟಿಂಗ್ ಯುಎಸ್ ಮ್ಯಾನೇಜರ್‌ಗೆ. ಟೀಮ್ ಸೈಜ್ ಆರು.’

‘ಆ ಆರು ಜನ ಬೆಂಗಳೂರಲ್ಲೇ ಇದಾರಾ?’

‘ಅದು... ಜೆಡಿಲಿ ಟೀಮ್ ಆಫ್ ಸಿಕ್ಸ್ ಅಂತಿದೆ ಮೇಡಂ.’

‘ಆರು ಜನ ನನಗೆ ರಿಪೋರ್ಟ್ ಮಾಡ್ತಾರಾ, ಅಥವಾ ನನ್ನನ್ನೂ ಸೇರಿಸಿ ಟೀಮ್ ಆರು ಜನದ್ದಾ?’

ಆ ಕಡೆ ಒಂದು ಕ್ಷಣ ಮೌನ. ‘ಚೆಕ್ ಮಾಡಿ ಹೇಳ್ತೀನಿ ಮೇಡಂ.’

ಈ ‘ಚೆಕ್ ಮಾಡಿ ಹೇಳ್ತೀನಿ’ ಕೆಟ್ಟ ಉತ್ತರವಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ರಿಕ್ರೂಟರ್ ಜೊತೆ ಮುಂದುವರಿಯಬಹುದು. ಹುಷಾರಾಗಬೇಕಾದ್ದು ಎಲ್ಲದಕ್ಕೂ ಥಟ್ಟನೆ ‘ಹೌದು’ ಎನ್ನುವವರ ಬಗ್ಗೆ. ಟೀಮ್ ಹ್ಯಾಂಡ್ಲಿಂಗ್ ಇದೆಯಾ ಎಂದರೆ ಹೌದು, ಕೋಡಿಂಗ್ ಇದೆಯಾ ಎಂದರೆ ಹೌದು, ವರ್ಕ್ ಫ್ರಮ್ ಹೋಮ್ ಎಂದರೂ ಹೌದು. ಹೀಗೆ ಅನುಮಾನ ಬಂದಾಗ ಪ್ರಶ್ನೆಯನ್ನು ತಿರುಗಿಸಿ ಕೇಳಿ ನೋಡಬಹುದು: ‘ಇದು ಇಂಡಿವಿಜುವಲ್ ಕಾಂಟ್ರಿಬ್ಯೂಟರ್ ರೋಲ್ ಅಲ್ವಾ?’ ಅದಕ್ಕೂ ಹೌದು ಎಂದರೆ ಅವರ ಬಳಿ ಮಾಹಿತಿ ಇಲ್ಲ ಎಂದಾಯಿತು.

ಟೀಮ್ ವಿಚಾರದಲ್ಲಿ ಸಂಖ್ಯೆಯ ನಂತರ ತಿಳಿಯಬೇಕಾದ ಒಂದೇ ಒಂದು ಸಂಗತಿ, ಈ ಹುದ್ದೆ ಹೊಸದೋ, ಬಿಟ್ಟುಹೋದವರ ಜಾಗವೋ ಎಂಬುದು. ಬಿಟ್ಟುಹೋದವರ ಜಾಗವಾದರೆ ಅವರು ಕಂಪನಿಯೊಳಗೇ ಬೇರೆ ಟೀಮ್‌ಗೆ ಹೋದರೋ, ಕಂಪನಿಯನ್ನೇ ಬಿಟ್ಟರೋ? ಒಳಗೇ ಮೇಲೆ ಹೋಗಿದ್ದರೆ ಆ ಹುದ್ದೆಯಿಂದ ಏರಲು ದಾರಿ ಇದೆ ಎಂದರ್ಥ. ಎರಡು ವರ್ಷದಲ್ಲಿ ಮೂವರು ಬಿಟ್ಟಿದ್ದರೆ ಹೇಳಬೇಕಾದ್ದು ಇನ್ನೇನೂ ಉಳಿಯುವುದಿಲ್ಲ. ಹೊಸ ಹುದ್ದೆಗೆ ಬೇರೆಯದೇ ಅಪಾಯ: ಟೀಮ್ ಇನ್ನೂ ಹುಟ್ಟಿರುವುದಿಲ್ಲ. ‘ಆರು ಜನರ ಟೀಮ್’ ಎಂದರೆ ಆರು ಜನರನ್ನು ತೆಗೆದುಕೊಳ್ಳುವ ಯೋಜನೆ ಇದೆ ಎಂದಷ್ಟೇ ಆಗಿರಬಹುದು. ಆ ಆರು ಹುದ್ದೆಗಳಿಗೆ ಒಪ್ಪಿಗೆ ಸಿಕ್ಕಿದೆಯೇ, ಎಷ್ಟು ಭರ್ತಿಯಾಗಿವೆ ಎಂದು ಕೇಳದೆ ಹೋದವರು ಸೇರಿದ ಮೊದಲ ಆರು ತಿಂಗಳು ಇಂಟರ್‌ವ್ಯೂ ತೆಗೆದುಕೊಳ್ಳುವುದರಲ್ಲೇ ಕಳೆಯುತ್ತಾರೆ. ಕಂಪನಿ ಖರ್ಚು ಬಿಗಿ ಮಾಡಿದ ದಿನ ಮೊದಲು ಕತ್ತರಿ ಬೀಳುವುದೂ ಇನ್ನೂ ಭರ್ತಿಯಾಗದ ಹುದ್ದೆಗಳಿಗೇ.

ಇನ್ನು ರಿಪೋರ್ಟಿಂಗ್. ಜನ ಕಡಿಮೆ ಕೇಳುವ, ಕೆಲಸ ಬಿಡುವಾಗ ಹೆಚ್ಚು ಮಾತಾಡುವ ವಿಷಯ ಇದು. ಬೆಂಗಳೂರಿನಲ್ಲಿ ವಿದೇಶಿ ಕಂಪನಿಗಳು ತಮ್ಮದೇ ಕೇಂದ್ರಗಳನ್ನು ತೆರೆದ ಮೇಲೆ, ಜಿಸಿಸಿ ಎಂದು ಕರೆಯುವ ಆ ಕಚೇರಿಗಳಲ್ಲಿ, ಒಬ್ಬರಿಗೆ ಇಬ್ಬರು ಮ್ಯಾನೇಜರ್ ಇರುವುದು ಮಾಮೂಲಾಗಿದೆ. ಇಲ್ಲಿರುವವರು ಒಬ್ಬರು, ಅಲ್ಲಿರುವವರು ಒಬ್ಬರು. ಒಂದು ಗೆರೆ ಗಟ್ಟಿ, ಇನ್ನೊಂದು ಚುಕ್ಕಿ ಗೆರೆ ಎನ್ನುತ್ತಾರೆ. ಯಾವುದು ಗಟ್ಟಿ ಎಂದು ಕೇಳಿದರೆ ‘ಮ್ಯಾಟ್ರಿಕ್ಸ್ ಆರ್ಗನೈಜೇಷನ್, ಎರಡೂ ಮುಖ್ಯ’ ಎಂಬ ಉತ್ತರ ಬರುತ್ತದೆ. ಇದನ್ನು ಬಿಡಿಸುವ ಪ್ರಶ್ನೆ ಬೇರೆ: ‘ವರ್ಷದ ಅಪ್ರೈಸಲ್‌ನಲ್ಲಿ ನನ್ನ ರೇಟಿಂಗ್ ಬರೆಯುವವರು ಯಾರು?’ ಇದಕ್ಕೆ ಒಬ್ಬರ ಹುದ್ದೆಯನ್ನು ಹೇಳಲೇಬೇಕು. ಅವರು ಮತ್ತು ನನಗೆ ದಿನಾ ಕೆಲಸ ಹೇಳುವವರು ಒಬ್ಬರೇ ಆಗಿದ್ದರೆ ಸರಿ. ಬೇರೆ ಬೇರೆಯಾಗಿದ್ದರೆ, ರೇಟಿಂಗ್ ಬರೆಯುವವರು ಇಂಟರ್‌ವ್ಯೂನಲ್ಲಿ ಇರುತ್ತಾರಾ ಎಂದೂ ಕೇಳಬೇಕು. ನಮ್ಮನ್ನು ಆರಿಸುವ ಹೊತ್ತಿನಲ್ಲಿ ಮುಖ ತೋರಿಸದವರು ವರ್ಷ ಕಳೆದ ಮೇಲೆ ನಮ್ಮ ಬಗ್ಗೆ ಏನು ಬರೆಯುತ್ತಾರೆ?

ಮ್ಯಾನೇಜರ್ ಇರುವ ಊರು ಕೇಳಿದ್ದಕ್ಕೆ ಇನ್ನೂ ಸರಳ ಕಾರಣವಿದೆ, ಗಡಿಯಾರ. ಲಂಡನ್‌ನಲ್ಲಿ ಬೆಳಗ್ಗೆ ಒಂಬತ್ತಾದಾಗ ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ದಿನದ ಅರ್ಧ ಜೊತೆಯಲ್ಲೇ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಒಂಬತ್ತು ಎಂದರೆ ಇಲ್ಲಿ ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ‘ಯುಎಸ್ ಮ್ಯಾನೇಜರ್’ ಎಂದಷ್ಟೇ ಕೇಳಿ ಸುಮ್ಮನಾದರೆ ಆಗದು. ನ್ಯೂಯಾರ್ಕ್‌ಗೂ ಕ್ಯಾಲಿಫೋರ್ನಿಯಾಗೂ ಮೂರು ಗಂಟೆ ವ್ಯತ್ಯಾಸ, ಆ ಮೂರು ಗಂಟೆಯಲ್ಲಿ ಮನೆಯ ಊಟ ಇಲ್ಲವೇ ಮಗುವಿನ ನಿದ್ದೆ ಬರುತ್ತದೆ. ನಮ್ಮ ಉದಾಹರಣೆಯ ಮ್ಯಾನೇಜರ್ ಕ್ಯಾಲಿಫೋರ್ನಿಯಾದವರು ಎಂದು ಮರುದಿನ ಗೊತ್ತಾಗುತ್ತದೆ. ಆಗ ಕೇಳಬೇಕಾದ್ದು ‘ನೈಟ್ ಶಿಫ್ಟ್ ಇದೆಯಾ?’ ಎಂದಲ್ಲ, ಅದಕ್ಕೆ ಎಲ್ಲರೂ ‘ಇಲ್ಲ, ಜನರಲ್ ಶಿಫ್ಟ್’ ಎನ್ನುತ್ತಾರೆ. ‘ವಾರದಲ್ಲಿ ಎಷ್ಟು ದಿನ ರಾತ್ರಿ ಒಂಬತ್ತರ ನಂತರ ಕಾಲ್ ಇರುತ್ತೆ?’ ಎಂದು ಕೇಳಬೇಕು.

ಮೂರನೆಯದು ಕೆಲಸದ ವ್ಯಾಪ್ತಿ. ನನ್ನ ಮಟ್ಟಿಗೆ ಅತ್ಯಂತ ಕಷ್ಟದ ಭಾಗ ಇದು, ಏಕೆಂದರೆ ಇದರ ಉತ್ತರ ರಿಕ್ರೂಟರ್ ಬಳಿ ಇರುವುದೇ ಇಲ್ಲ. ಹುದ್ದೆಯ ಹೆಸರನ್ನು ನೋಡಿ ಏನೂ ಹೇಳಲಾಗದು. ಒಂದು ಕಂಪನಿಯ ಲೀಡ್ ಇನ್ನೊಂದರಲ್ಲಿ ಸೀನಿಯರ್ ಎಂಜಿನಿಯರ್, ಮತ್ತೊಂದರಲ್ಲಿ ಮ್ಯಾನೇಜರ್. ರಿಕ್ರೂಟರ್ ಕಂಪನಿಯವರೇ ಆಗಿದ್ದರೆ, ಅಂದರೆ ಮೇಲ್ ಐಡಿಯಲ್ಲಿ ಕಂಪನಿಯ ಹೆಸರೇ ಇದ್ದರೆ, ಹುದ್ದೆಯ ಗ್ರೇಡ್ ಯಾವುದು, ಅದರ ಮೇಲೆ ಕೆಳಗೆ ಯಾವ ಗ್ರೇಡ್‌ಗಳಿವೆ ಎಂದು ಕೇಳಬಹುದು, ಅವರು ಹೇಳಬಲ್ಲರು. ಏಜೆನ್ಸಿಯವರಿಂದ ಅದನ್ನು ನಿರೀಕ್ಷಿಸಬೇಡಿ. ಅವರಿಗೆ, ‘ಮುಂದಿನ ಹೆಜ್ಜೆಗೆ ಮೊದಲು ಹೈರಿಂಗ್ ಮ್ಯಾನೇಜರ್ ಜೊತೆ ಹದಿನೈದು ನಿಮಿಷದ ಕಾಲ್ ಸಿಗುತ್ತದೆಯೇ?’ ಎಂದು ಕೇಳಿ ಈ ಪ್ರಶ್ನೆಯನ್ನು ಅಲ್ಲಿಗೆ ಎತ್ತಿಡುವುದು ಉತ್ತಮ. ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ. ಆದರೆ ಒಂಬತ್ತು ವರ್ಷದ ಅನುಭವಸ್ಥರು ಕೇಳಿದರೆ ಒಪ್ಪುವ ಮ್ಯಾನೇಜರ್‌ಗಳೇನೂ ಕಡಿಮೆ ಇಲ್ಲ.

ಆ ಹದಿನೈದು ನಿಮಿಷದಲ್ಲಿ ಟೆಸ್ಟಿಂಗ್‌ನವರು ಕೇಳಬೇಕಾದ ಪ್ರಶ್ನೆಯೊಂದಿದೆ: ‘ರಿಲೀಸ್ ಹಿಂದಿನ ದಿನ ದೊಡ್ಡ ಬಗ್ ಸಿಕ್ಕರೆ, ರಿಲೀಸ್ ನಿಲ್ಲಿಸುವ ತೀರ್ಮಾನ ಯಾರದು?’ ‘ಕ್ಯೂಎ ಲೀಡ್ ಸೈನ್-ಆಫ್ ಇಲ್ಲದೆ ಹೋಗುವುದಿಲ್ಲ’ ಎಂದರೆ ಅದು ನಿಜವಾದ ಲೀಡ್ ಕೆಲಸ. ‘ನೀವು ರಿಪೋರ್ಟ್ ಕೊಡ್ತೀರಿ, ಪ್ರಾಡಕ್ಟ್ ಮ್ಯಾನೇಜರ್ ತೀರ್ಮಾನ ಮಾಡ್ತಾರೆ’ ಎಂದರೆ ಅದೂ ಗೌರವದ ಕೆಲಸವೇ, ಅಧಿಕಾರ ಮಾತ್ರ ಕಡಿಮೆ. ‘ಎಲ್ಲರೂ ಕೂತು ಮಾತಾಡ್ತೀವಿ’ ಎಂದರೆ, ಹೋದ ಬಾರಿ ಹೀಗಾದಾಗ ಏನಾಯಿತು ಎಂದು ಮುಂದುವರಿಸಿ ಕೇಳಬೇಕು. ನಡೆದದ್ದನ್ನು ಕೇಳಿದಾಗ ಜನ ನಿಜ ಹೇಳುವುದು ಹೆಚ್ಚು. ಮುಂದೆ ಹೇಗಿರುತ್ತದೆ ಎಂದು ಕೇಳಿದಾಗ ಆಸೆ ಹೇಳುತ್ತಾರೆ. ಡೆವಲಪರ್ ಆದರೆ ಇದೇ ಜಾಗದಲ್ಲಿ ‘ಡಿಸೈನ್‌ಗೆ ಕೊನೆಯ ಒಪ್ಪಿಗೆ ಯಾರದು?’ ಎಂದು ಕೇಳಬಹುದು, ಅಕೌಂಟ್ಸ್‌ನವರು ‘ನನ್ನ ಸಹಿಗೆ ಎಷ್ಟು ರೂಪಾಯಿವರೆಗೆ ಬಿಲ್ ಪಾಸಾಗುತ್ತದೆ?’ ಎನ್ನಬಹುದು.

ನಮ್ಮ ಉದಾಹರಣೆಯಲ್ಲಿ ಕಾಲ್ ಮುಗಿಯುವ ಹೊತ್ತಿಗೆ ಚಿತ್ರ ಹೀಗೆ ತಿಳಿಯಾಗುತ್ತದೆ. ಆರು ಜನರ ಟೀಮ್ ಎಂದರೆ ಇವರನ್ನೂ ಸೇರಿಸಿ ಆರು. ಬೆಂಗಳೂರಿನಲ್ಲಿ ಮೂವರು, ಉಳಿದವರು ಅಮೆರಿಕದಲ್ಲಿ. ಕೈಕೆಳಗೆ ರಿಪೋರ್ಟ್ ಮಾಡುವವರು ಸದ್ಯಕ್ಕೆ ಯಾರೂ ಇಲ್ಲ. ಇಬ್ಬರು ಜೂನಿಯರ್‌ಗಳಿಗೆ ಕೆಲಸ ಹಂಚಿ ಪರಿಶೀಲಿಸಬೇಕು, ಆದರೆ ಅವರ ರೇಟಿಂಗ್ ಬರೆಯುವುದು ಇಲ್ಲಿಯ ಮ್ಯಾನೇಜರ್. ಆಟೊಮೇಷನ್ ಕೋಡ್ ಬರೆಯುವುದು ದಿನದ ಮುಕ್ಕಾಲು ಪಾಲು. ರಿಲೀಸ್‌ಗೆ ಸೈನ್-ಆಫ್ ಇವರದೇ. ರಾತ್ರಿ ಕಾಲ್ ವಾರಕ್ಕೆ ಎರಡು. ಕೋಡ್ ಬರೆಯುವ ಆಸೆ ಇರುವವರಿಗೆ ಇದು ಒಳ್ಳೆಯ ಕೆಲಸ. ಟೀಮ್ ನಡೆಸಿ ಮ್ಯಾನೇಜರ್ ಆಗಬೇಕೆಂದಿದ್ದವರಿಗೆ ಅಲ್ಲ. ಸಂದೇಶದಲ್ಲಿದ್ದ ‘ಕ್ಯೂಎ ಲೀಡ್’ ಎಂಬುದರಿಂದ ಈ ಎರಡರಲ್ಲಿ ಯಾವುದೂ ತಿಳಿಯುತ್ತಿರಲಿಲ್ಲ.

ಇಲ್ಲಿ ಕಂಪನಿಯ ಹೆಸರಿನ ವಿಷಯ ಬಿಟ್ಟುಹೋಯಿತು. ಮೊದಲ ಸಂದೇಶದಲ್ಲಿ ಅದನ್ನು ಹಟ ಹಿಡಿದು ಕೇಳಬೇಕಿಲ್ಲ. ಆದರೆ ನಿಮ್ಮ ಪ್ರೊಫೈಲ್ ಕಂಪನಿಗೆ ಹೋಗುವ ಮೊದಲು ಹೆಸರು ಗೊತ್ತಾಗಲೇಬೇಕು. ಒಂದೇ ಹುದ್ದೆಗೆ ನಾಲ್ಕೈದು ಏಜೆನ್ಸಿ ಹುಡುಕುತ್ತಿರುತ್ತವೆ ಎಂದೆನಲ್ಲ. ಎರಡು ಏಜೆನ್ಸಿಯಿಂದ ಒಂದೇ ಹೆಸರು ಕಂಪನಿಯ ಪೋರ್ಟಲ್ ಸೇರಿದರೆ ಅದು ಡೂಪ್ಲಿಕೇಟ್. ಸಾಮಾನ್ಯವಾಗಿ ಮೊದಲು ಸಲ್ಲಿಸಿದವರಿಗೆ ಹಕ್ಕು, ಅದು ಕೆಲವು ತಿಂಗಳು ಅವರ ಹೆಸರಿನಲ್ಲೇ ಉಳಿಯುತ್ತದೆ. ಕೆಲವು ಕಂಪನಿಗಳು ರಗಳೆಯೇ ಬೇಡವೆಂದು ಎರಡನ್ನೂ ಬದಿಗಿಡುತ್ತವೆ. ಕಂಪನಿಯ ಹೆಸರು ಗೊತ್ತಿಲ್ಲದೆ ಇಬ್ಬರಿಗೂ ರೆಸ್ಯೂಮೆ ಕೊಟ್ಟವರಿಗೆ ತಮ್ಮ ಅರ್ಜಿ ಯಾಕೆ ಸತ್ತುಹೋಯಿತೆಂದೇ ತಿಳಿಯುವುದಿಲ್ಲ. ‘ಕಂಪನಿಯ ಹೆಸರು ತಿಳಿಸಿ, ನಾನು ಒಪ್ಪಿದ ಮೇಲೆಯೇ ಸಬ್‌ಮಿಟ್ ಮಾಡಿ’ ಎಂದು ಮೇಲ್‌ನಲ್ಲಿ ಒಂದು ಸಾಲು ಬರೆದಿಡುವುದು ಇದಕ್ಕಾಗಿ.

ಈ ಪ್ರಶ್ನೆಗಳು ನಡೆಯದ ಜಾಗಗಳೂ ಇವೆ. ಕಾಲೇಜಿನಿಂದ ಈಗಷ್ಟೇ ಹೊರಬಂದವರಿಗೆ, ದೊಡ್ಡ ಸರ್ವಿಸ್ ಕಂಪನಿ ಒಟ್ಟಿಗೆ ನೂರಾರು ಜನರನ್ನು ತೆಗೆದುಕೊಳ್ಳುವಾಗ, ಟೀಮ್ ಯಾವುದೆಂಬುದು ಯಾರಿಗೂ ಗೊತ್ತಿರುವುದಿಲ್ಲ. ಸೇರಿದ ಮೇಲೆ, ಟ್ರೇನಿಂಗ್ ಮುಗಿದ ಮೇಲೆ, ಪ್ರಾಜೆಕ್ಟ್ ಸಿಗುವವರೆಗೆ ಬೆಂಚ್. ಅನುಭವ ಇರುವವರನ್ನೂ ಹೀಗೆ ‘ಪೂಲ್‌’ಗೆ ತೆಗೆದುಕೊಳ್ಳುವುದುಂಟು. ಅಲ್ಲಿ ಟೀಮ್ ಸೈಜ್ ಕೇಳಿ ಉಪಯೋಗವಿಲ್ಲ. ‘ಇದು ಒಂದು ಪ್ರಾಜೆಕ್ಟ್‌ಗೆ ಗುರುತಾದ ಹುದ್ದೆಯೋ, ಪೂಲ್ ಹೈರಿಂಗೋ?’ ಎಂದು ಕೇಳಿದರೆ ಸಾಕು. ಮೂರು ಪ್ರಶ್ನೆಯ ಜಾಗದಲ್ಲಿ ಹನ್ನೆರಡು ಕೇಳಿದರೂ ಕೆಲಸ ಕೆಡುತ್ತದೆ. ರಿಕ್ರೂಟರ್ ಸುಮ್ಮನೆ ಮುಂದಿನ ಪ್ರೊಫೈಲ್‌ಗೆ ಹೋಗುತ್ತಾರೆ, ಅದಕ್ಕೆ ಅವರನ್ನು ದೂರುವಂತಿಲ್ಲ. ಇನ್ನು ರಿಜಿಸ್ಟ್ರೇಷನ್ ಫೀ, ಲ್ಯಾಪ್‌ಟಾಪ್ ಡಿಪಾಸಿಟ್ ಎಂದು ದುಡ್ಡು ಕೇಳಿದವರಿಗೆ ಯಾವ ಪ್ರಶ್ನೆಯೂ ಬೇಡ, ನಂಬರ್ ಬ್ಲಾಕ್ ಮಾಡಿ. ಮೇಲೆ ಹೇಳಿದ ಕಮಿಷನ್ ಕೊಡುವುದು ಕಂಪನಿ, ಅಭ್ಯರ್ಥಿಯಲ್ಲ.

ರಿಕ್ರೂಟರ್‌ಗೆ ಈ ಪ್ರಶ್ನೆಗಳಿಂದ ಕಿರಿಕಿರಿಯಾಗುತ್ತದೆ ಎಂದು ಹಿಂಜರಿಯುವವರಿಗೆ ಒಂದು ಮಾತು. ಏಜೆನ್ಸಿ ಮತ್ತು ಕಂಪನಿಯ ಒಪ್ಪಂದದಲ್ಲಿ ಸಾಮಾನ್ಯವಾಗಿ ರಿಪ್ಲೇಸ್‌ಮೆಂಟ್ ಷರತ್ತು ಇರುತ್ತದೆ. ಸೇರಿದವರು ಗೊತ್ತಾದ ಅವಧಿಯೊಳಗೆ, ಹೆಚ್ಚಾಗಿ ತೊಂಬತ್ತು ದಿನದೊಳಗೆ, ಬಿಟ್ಟರೆ ಏಜೆನ್ಸಿ ಪುಕ್ಕಟೆಯಾಗಿ ಇನ್ನೊಬ್ಬರನ್ನು ಕೊಡಬೇಕು, ಇಲ್ಲವೇ ದುಡ್ಡು ವಾಪಸ್ ಮಾಡಬೇಕು. ಸೇರಿದ ಎರಡನೇ ತಿಂಗಳಲ್ಲಿ ‘ನನಗೆ ಹೇಳಿದ್ದೇ ಬೇರೆ’ ಎಂದು ಪೇಪರ್ ಹಾಕುವವರಿಗಿಂತ ಮೊದಲ ದಿನವೇ ಮೂರು ಪ್ರಶ್ನೆ ಕೇಳುವವರು ಅವರಿಗೂ ಅಗ್ಗ.

ಕೊನೆಗೆ ಉಳಿಯುವುದು ಕಾಗದದ ವಿಚಾರ. ಆಫರ್ ಲೆಟರ್‌ನಲ್ಲಿ ಹುದ್ದೆ, ಸಂಬಳ, ಸೇರುವ ದಿನ, ಊರು ಇರುತ್ತವೆ. ಮ್ಯಾನೇಜರ್ ಯಾರು, ಕೈಕೆಳಗೆ ಎಷ್ಟು ಜನ, ಸೈನ್-ಆಫ್ ಯಾರದು ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಬದಲಿಗೆ, ಕಂಪನಿ ನಿಮ್ಮನ್ನು ಯಾವ ವಿಭಾಗಕ್ಕೂ ಯಾವ ಊರಿಗೂ ಬದಲಾಯಿಸಬಹುದು ಎಂಬ ಷರತ್ತು ಇರುತ್ತದೆ. ಹಾಗಾಗಿ ಕಾಲ್ ಮುಗಿದ ಸಂಜೆಯೇ ಮ್ಯಾನೇಜರ್‌ಗೆ, ಎಚ್‌ಆರ್‌ಗೆ ಸಿಸಿ ಹಾಕಿ, ನಾಲ್ಕು ಸಾಲಿನ ಮೇಲ್ ಹೋಗಬೇಕು: ‘ಇಂದು ಮಾತಾಡಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು: ರೇಟಿಂಗ್ ನಿಮ್ಮಿಂದ, ಇಬ್ಬರು ಜೂನಿಯರ್‌ಗಳ ಕೆಲಸದ ಪರಿಶೀಲನೆ ನನ್ನದು, ರಿಲೀಸ್ ಸೈನ್-ಆಫ್ ನನ್ನದು, ರಾತ್ರಿ ಕಾಲ್ ವಾರಕ್ಕೆ ಎರಡು. ತಪ್ಪಿದ್ದರೆ ತಿದ್ದಿ.’ ಇದು ಕಾನೂನಿನ ಮುಂದೆ ಆಫರ್ ಲೆಟರ್‌ನಷ್ಟು ತೂಗುವುದಿಲ್ಲ. ಆದರೆ ಆರು ತಿಂಗಳಾದ ಮೇಲೆ ವಾರಕ್ಕೆ ಎರಡಿದ್ದ ಕಾಲ್ ಐದಾದಾಗ, ಮಾತು ಶುರು ಮಾಡಲು ಕೈಯಲ್ಲಿ ಒಂದು ಬರಹ ಇರುತ್ತದೆ. ಕೆಲವು ಮ್ಯಾನೇಜರ್‌ಗಳು ಇದಕ್ಕೆ ಉತ್ತರಿಸುವುದೇ ಇಲ್ಲ. ನಮ್ಮ ಉದಾಹರಣೆಯವರಿಗೆ ಮರುದಿನ ಒಂದು ತಿದ್ದುಪಡಿ ಬರುತ್ತದೆ: ಉಳಿದೆಲ್ಲ ಸರಿ, ರಿಲೀಸ್ ವಾರದಲ್ಲಿ ಮಾತ್ರ ರಾತ್ರಿ ಕಾಲ್ ದಿನವೂ ಇರುತ್ತದೆ. ರಿಲೀಸ್ ಎಷ್ಟು ವಾರಕ್ಕೊಮ್ಮೆ ಎಂದು ಅವರು ಈಗ ಕೇಳಬೇಕು, ನಿರೀಕ್ಷೆಯ ಸಿಟಿಸಿ ಹೇಳುವುದು ಅದಾದ ಮೇಲೆ.